ಅತ್ತೆ ಬಂದರೆ ಅಳಿಯ ಯಾಕೆ ಬೆವರುತ್ತಾನೆ?

"ಜೋಕಿಗೆ ಯಜಮಾನರು ಯಾರೂ ಇಲ್ಲ ಬಿಡಿ" ಎನ್ನುವ ಮಾತನ್ನು ನಗೆಬರಹಗಾರರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬೀರಬಲ್, ತೆನಾಲಿ ರಾಮನ ಕಥೆಗಳ ಮಟ್ಟಿಗೆ ಅದು ನಿಜ. ಆದರೆ ತಮ್ಮ ಹೆಸರು ಹಾಕಿಕೊಂಡು ಸಂಭಾವನೆ ಪಡೆಯುವವರು ಹಾಗೆಂದರೆ, ಅದು ಕಳ್ಳನಿಗೊಂದು ಪಿಳ್ಳೆ ನೆವ ಅಷ್ಟೇ.

ಮೊದಲು ಆರೋಪಿಗಳ ಪರವಾಗಿಯೇ ಒಂದು ಮಾತು. 2015ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಗೆದ್ದ ತಂಡದ ಟಾಮ್ ಬ್ರೇಡಿಗೆ ಬಹುಮಾನವಾಗಿ ಒಂದು ಟ್ರಕ್ ಬಂತು. ಪಂದ್ಯ ಗೆಲ್ಲಿಸಿಕೊಟ್ಟವನಿಗೇ ಅದನ್ನು ಕೊಡುತ್ತೇನೆ ಎಂದರು ಬ್ರೇಡಿ. ಕೊನೆಯ ಗಳಿಗೆಯಲ್ಲಿ ಎಡವಟ್ಟು ತೀರ್ಮಾನ ಮಾಡಿ ಸೋತದ್ದು ಎದುರಾಳಿ ಕೋಚ್ ಪೀಟ್ ಕ್ಯಾರಲ್. ಹಾಗಾದರೆ ಟ್ರಕ್ ಅವರಿಗೇ ಸೇರಬೇಕಲ್ಲ ಎಂದು ಅಲೆಕ್ಸ್ ಕೇಸ್‌ಬರ್ಗ್ ಎಂಬ ಹಾಸ್ಯಬರಹಗಾರ ಟ್ವಿಟರ್‌ನಲ್ಲಿ ಜೋಕು ಹಾಕಿದರು. ಕಾನನ್ ಒಬ್ರಿಯನ್ ಟಿವಿಯಲ್ಲಿ ಅಂಥದ್ದೇ ಜೋಕು ಹೇಳಿದರು. ಕೇಸ್‌ಬರ್ಗ್ ಮೊಕದ್ದಮೆ ಹೂಡಿದರು; 2019ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಒಂದೇ ಸುದ್ದಿ ಓದಿದ ಇಬ್ಬರಿಗೆ ಒಂದೇ ತಿರುವು ಹೊಳೆಯಬಹುದು ಎಂಬುದು ಕಾನನ್ ವಾದ. ಒಪ್ಪೋಣ. ಇಲ್ಲಿ ಅರ್ಧ ಜೋಕನ್ನು ಸುದ್ದಿಯೇ ಕಟ್ಟಿಕೊಟ್ಟಿತ್ತು. ಕೊನೆಯ ಸಾಲು ಒಂದೇ ಆಗಿದೆ ಎಂದ ಮಾತ್ರಕ್ಕೆ ಯಾರನ್ನೂ ಕಳ್ಳ ಎನ್ನಲಾಗದು.

ಕಳವು ಸಿಕ್ಕಿಬೀಳುವುದು ಬೇರೆ ಕಡೆ. ಹಸ್ತಪ್ರತಿಗಳನ್ನು ಹೋಲಿಸುವವರು ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವುಗಳ ನಡುವೆ ನಂಟಿದೆ ಎನ್ನುತ್ತಾರೆ. ಜೋಕಿನಲ್ಲೂ ಹಾಗೆಯೇ, ಮೂಲದಿಂದ ಅಂಟಿಕೊಂಡು ಬಂದ, ಇಲ್ಲಿಗೆ ಹೊಂದದ ವಿವರವನ್ನು ಹುಡುಕಬೇಕು.

"ಅತ್ತೆ ಬರ್ತಾರಂತೆ" ಎಂದು ಹೆಂಡತಿ ಹೇಳುತ್ತಲೇ ಗಂಡ ಬೆವರುವ ಜೋಕನ್ನೇ ನೋಡಿ. ಇಂಗ್ಲಿಷಿನ ಅತ್ತೆ ಜೋಕುಗಳಲ್ಲಿ ಕಾಡುವವಳು ಹೆಚ್ಚಾಗಿ ಹೆಂಡತಿಯ ತಾಯಿ. ನಮ್ಮ ಅತ್ತೆ ಕಾಡುವುದು ಸೊಸೆಯನ್ನು; ಅಳಿಯನಿಗೆ ಅವಳು ಬಡಿಸುವುದು ಒಬ್ಬಟ್ಟು, ತುಪ್ಪ. ಅದೂ ಅಲ್ಲದೆ, ಸ್ವಂತ ತಾಯಿಯನ್ನು ಯಾವ ಹೆಂಡತಿ "ಅತ್ತೆ" ಎಂದಾಳು? ಕದ್ದವರು ಜಾನ್‌ನನ್ನು ರಮೇಶ ಮಾಡಿದರು, ಅತ್ತೆಯನ್ನು ಮಾತ್ರ ಮರೆತರು. ಮುಂಬಯಿಯ ಒಂದು ಬೆಡ್‌ರೂಮ್ ಫ್ಲಾಟಿನಲ್ಲಿ ಅಳಿಯನೂ ಬೆವರಬಹುದು, ನಿಜ. ಆದರೆ ಅದನ್ನು ಕಂಡು ಬರೆದವರ ಜೋಕಿನಲ್ಲಿ ಹಾಲ್‌ನಲ್ಲಿ ಯಾರು ಮಲಗಬೇಕೆಂಬ ಜಗಳ ಬಂದೇ ಬರುತ್ತದೆ. ಎರವಲು ಜೋಕಿನಲ್ಲಿ ಮನೆಯೇ ಇರುವುದಿಲ್ಲ.

ನಾನು ಅನುವಾದಕಿ. ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತಂದು ನನ್ನದೇ ಎಂದರೆ ಮರುದಿನದಿಂದ ನನಗೆ ಕೆಲಸ ಇರುವುದಿಲ್ಲ. ಕಥೆಗೆ ಮೂಲ ಲೇಖಕರ ಹೆಸರು ಬೇಕು, ಜೋಕಿಗೆ ಬೇಡ ಎಂದರೆ ಹೇಗೆ? ನಾಲ್ಕು ಸಾಲಿಗಾಗಿ ಒಂದು ಸಂಜೆ ಕೂತು ತಿದ್ದಿದವರೂ, ಐದು ನಿಮಿಷದಲ್ಲಿ ಹೆಸರು ಬದಲಿಸಿದವರೂ ಒಂದೇ ಸಂಭಾವನೆ ಪಡೆದರೆ, ಮುಂದಿನ ವಾರ ಯಾರು ಕೂತು ತಿದ್ದುತ್ತಾರೆ? ತರ್ಜುಮೆ ಮಾಡಿ, ಬೇಡ ಎನ್ನುವುದಿಲ್ಲ. ಕೆಳಗೆ "ಇಂಗ್ಲಿಷಿನಿಂದ" ಎಂದು ಹಾಕಿ, ತರ್ಜುಮೆಯ ಕೂಲಿಯನ್ನಷ್ಟೇ ತೆಗೆದುಕೊಳ್ಳಿ.