ನೋಟಿಸ್ ಪಿರಿಯಡ್ ಹಣ ಯಾರು ಕೊಡ್ತಾರೆ? ಸಹಿಗೆ ಮೊದಲೇ ಕೇಳಿ

ನಮ್ಮ ಸಿದ್ಧೇಶ್ವರ ಗುಡಿ ಸುತ್ತಲಿನ ಓಣಿಗಳಿಂದ ಬಿಇ ಮುಗಿಸಿ ಬೆಂಗಳೂರು, ಪುಣೆಗೆ ಹೋದವರು ಸಂಕ್ರಾಂತಿ ಜಾತ್ರೆಗೆ ಬಂದರೆ ಪ್ಯಾಕೇಜಿನ ಮಾತೇ ಹೆಚ್ಚು. ಕೆಲಸ ಬದಲಿಸಿದವರು ಮಾತ್ರ ನೋಟಿಸ್ ಪಿರಿಯಡ್ ಬಗ್ಗೆ ಹೇಳುತ್ತಾರೆ. ಹಲವು ದೊಡ್ಡ ಐಟಿ ಕಂಪನಿಗಳಲ್ಲಿ ಅದು 90 ದಿನ. ಹೊಸ ಕಂಪನಿಗೆ ಅಷ್ಟು ಕಾಯುವ ಪುರುಸೊತ್ತಿಲ್ಲ. ಆಗ ಬರುವುದೇ ‘ಬೈಔಟ್’, ಅಂದರೆ ಕೆಲಸ ಮಾಡದ ದಿನಗಳ ಸಂಬಳವನ್ನು ಹಳೆ ಕಂಪನಿಗೆ ಕಟ್ಟಿ ಬೇಗ ಹೊರಬರುವುದು.

ಈ ಹಣವನ್ನು ನೀವು ಕೊಡುತ್ತೀರಾ ಎಂದು ಹೊಸ ಕಂಪನಿಯನ್ನು ಕೇಳಲು ನಮ್ಮವರು ಹಿಂಜರಿಯುತ್ತಾರೆ, ಆಫರ್ ಕೈತಪ್ಪೀತೆಂಬ ಭಯ. ಆದರೆ ಬೇಗ ಬಾ ಎನ್ನುವವರು ಅವರು. ಹಾಗಾಗಿ ಖರ್ಚಿನ ಮಾತು ತೆಗೆಯುವುದರಲ್ಲಿ ತಪ್ಪೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ‘ನೋಟಿಸ್ ಎಷ್ಟು ದಿನ?’ ಎಂದು ಎಚ್‌ಆರ್ ಕೇಳಿದಾಗಲೇ ಕೇಳಿಬಿಡಬೇಕು. ರಾಜೀನಾಮೆ ಕೊಟ್ಟ ಮೇಲೆ ಕೇಳಿದರೆ ಆ ಮಾತಿಗೆ ತೂಕ ಇರುವುದಿಲ್ಲ.

ನನ್ನ ದೊಡ್ಡಮ್ಮನ ಮಗ ಅಣ್ಣ ಆಫರ್‌ಗೆ ಸಹಿ ಹಾಕುವ ಮೊದಲೇ ಕೇಳಿದ. ‘60 ದಿನದಲ್ಲಿ ಬನ್ನಿ, ಉಳಿದ 30 ದಿನಕ್ಕೆ ಬೇಸಿಕ್ ಲೆಕ್ಕದಲ್ಲಿ ಕೊಡುತ್ತೇವೆ’ ಎಂದರು. ಅವನ ಬೇಸಿಕ್ 24,000, ಗ್ರಾಸ್ 48,000 ರೂಪಾಯಿ. ಹಳೆ ಕಂಪನಿಯ ನೇಮಕಾತಿ ಪತ್ರ ತೆಗೆದು ನೋಡಿದರೆ, ಅಲ್ಲಿ ಕಡಿತ ಗ್ರಾಸ್ ಲೆಕ್ಕದಲ್ಲಿತ್ತು. ಅಂದರೆ ಕಟ್ಟುವುದು 48,000, ವಾಪಸ್ ಬರುವುದು 24,000. ಅವನು ಸುಮ್ಮನೆ ಒಪ್ಪಲಿಲ್ಲ, ಸೇರುವ ದಿನಾಂಕವನ್ನು 15 ದಿನ ಮುಂದಕ್ಕೆ ಹಾಕಿಸಿಕೊಂಡ. ಕೈಯಿಂದ ಹೋಗುವ ಹಣ 12,000ಕ್ಕೆ ಇಳಿಯಿತು.

ಆ ಹಣವೂ ಮೊದಲೇ ಬರಲಿಲ್ಲ. ಹಳೆ ಕಂಪನಿ ಕೊನೆಯ ಲೆಕ್ಕದಲ್ಲಿ ಕಡಿತ ಮಾಡಿಕೊಂಡಿತು. ಆ ಕಾಗದ ತೋರಿಸಿದ ಮೇಲೆ ಹೊಸ ಕಂಪನಿ ಎರಡನೇ ಸಂಬಳದ ಜತೆ ಕೊಟ್ಟಿತು, ಅದೂ ಟಿಡಿಎಸ್ ಹಿಡಿದು, ಯಾಕೆಂದರೆ ಅದನ್ನು ಸಂಬಳದ ಭಾಗವೆಂದೇ ಎಣಿಸುತ್ತಾರೆ. ವರ್ಷದೊಳಗೆ ಬಿಟ್ಟರೆ ಹಿಂತಿರುಗಿಸಬೇಕೆಂಬ ಷರತ್ತೂ ಇತ್ತು. ಹಳೆ ಕಂಪನಿ ಈ ಕಡಿತದ ಮೇಲೆ ಜಿಎಸ್‌ಟಿ ಕೇಳಿದರೆ ಮಾತ್ರ ಪ್ರಶ್ನಿಸಿ. ಅದಕ್ಕೆ ಜಿಎಸ್‌ಟಿ ಇಲ್ಲವೆಂದು 2022ರ ಆಗಸ್ಟ್‌ನಲ್ಲೇ ಕೇಂದ್ರದ ಸುತ್ತೋಲೆ ಸ್ಪಷ್ಟಪಡಿಸಿದೆ.

ಹೊಸಬರು ಒಪ್ಪಿದರೂ ಹಳಬರು ಬಿಡಬೇಕಲ್ಲ! ಎಷ್ಟೋ ಪತ್ರಗಳಲ್ಲಿ ಬೈಔಟ್ ‘ಕಂಪನಿಯ ವಿವೇಚನೆಗೆ ಬಿಟ್ಟದ್ದು’ ಎಂದಿರುತ್ತದೆ. ಪ್ರಾಜೆಕ್ಟ್ ನಡುವೆ ಇದ್ದರೆ ಮ್ಯಾನೇಜರ್ ಒಲ್ಲೆ ಎನ್ನಬಹುದು. ಆಗ ಹಣ ಕಟ್ಟಿ ಎದ್ದು ಹೋದರೆ ರಿಲೀವಿಂಗ್ ಲೆಟರ್ ಸಿಗುವುದು ಕಷ್ಟ, ಹೊಸ ಕಡೆ ಹಿನ್ನೆಲೆ ಪರಿಶೀಲನೆಯಲ್ಲಿ ಅದನ್ನೇ ಕೇಳುತ್ತಾರೆ. ತರಬೇತಿ ಬಾಂಡ್‌ನ ಹಣ ಬೇರೆ, ಇದರೊಳಗೆ ಬರುವುದಿಲ್ಲ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಎಷ್ಟು ದಿನ, ಬೇಸಿಕ್ಕೋ ಗ್ರಾಸೋ, ಯಾವಾಗ ಕೊಡುತ್ತೀರಿ ಎಂಬ ಮೂರೂ ಇಮೇಲ್‌ನಲ್ಲಿ ಬಂದ ಮೇಲೆಯೇ ಅಣ್ಣ ಸಹಿ ಹಾಕಿದ್ದು.