ಮಕ್ಕಳ ಪುಸ್ತಕಕ್ಕೊಂದು ಧ್ಯೇಯವಾಕ್ಯ

ಮಕ್ಕಳ ಪುಸ್ತಕಗಳನ್ನು ಅಚ್ಚು ಹಾಕಿಸುವ ಪ್ರಕಾಶಕರೊಬ್ಬರು ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ತಮ್ಮ ಪುಸ್ತಕಗಳ ರಕ್ಷಾಪುಟದಲ್ಲಿ, ಸಂಸ್ಥೆಯ ಹೆಸರಿನ ಕೆಳಗೆ, ಒಂದು ಪಂಕ್ತಿಯ ಧ್ಯೇಯವಾಕ್ಯವನ್ನು ಮುದ್ರಿಸಬೇಕೆಂಬುದು ಅವರ ಅಪೇಕ್ಷೆ. ಮಕ್ಕಳು ಅಜ್ಜ-ಅಜ್ಜಿಯರ ಜತೆಯಲ್ಲಿ ಕುಳಿತು ಪುಸ್ತಕವನ್ನು ಬಾಯಿಬಿಟ್ಟು ಓದುವ ಪದ್ಧತಿಯನ್ನು ಆ ವಾಕ್ಯವು ಎತ್ತಿ ತೋರಿಸಬೇಕಂತೆ. ತಾವೇ ಬರೆದ ಮೂರು ವಾಕ್ಯಗಳನ್ನು ನಮ್ಮ ಮುಂದಿಟ್ಟು, ಯಾವುದು ಉತ್ತಮವೆಂದು ಕೇಳಿದರು. ಮೂರೂ ಸಲ್ಲವೆಂದು ನಾವು ಹೇಳಬೇಕಾಯಿತು. ಮೇಲುನೋಟಕ್ಕೆ ಇದು ವ್ಯಾಪಾರದ ಮಾತಾದರೂ, ಅಕ್ಷರ ಬಾರದ ಹಿರಿಯರಿಗೆ ಮನೆಯ ಪುಸ್ತಕದ ಬಳಿ ಸ್ಥಳವುಂಟೋ ಇಲ್ಲವೋ ಎಂಬ ಪ್ರಶ್ನೆಯು ಅದರೊಳಗೆ ಅಡಗಿರುವುದರಿಂದ, ನಮ್ಮ ಕಾರಣಗಳನ್ನು ವಾಚಕರ ಮುಂದೆಯೂ ಇಡುತ್ತೇವೆ.

ಅವರ ಮೊದಲನೆಯ ವಾಕ್ಯವು 'ಅಜ್ಜ-ಅಜ್ಜಿಯರೊಂದಿಗೆ ಗಟ್ಟಿಯಾಗಿ ಓದಿರಿ' ಎಂದಿತ್ತು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದರೆ ಹೀಗಾಗುವುದು ಸಹಜ. ನಮ್ಮ ಭಾಷೆಯಲ್ಲಿ 'ಓದು' ಎಂಬ ಮಾತಿಗೆ ಪುಸ್ತಕವನ್ನು ವಾಚಿಸುವುದು ಎಂಬ ಅರ್ಥವೂ ಉಂಟು, ಪಾಠವನ್ನು ಅಭ್ಯಾಸ ಮಾಡುವುದು ಎಂಬ ಅರ್ಥವೂ ಉಂಟು. ಆಟವಾಡುತ್ತಿರುವ ಹುಡುಗನಿಗೆ 'ಓದು ಹೋಗು' ಎಂದರೆ ಅವನು ಕಥೆಯ ಪುಸ್ತಕವನ್ನು ನೆನೆಯುವುದಿಲ್ಲ; ನಾಳಿನ ಪರೀಕ್ಷೆಯನ್ನು ನೆನೆಯುತ್ತಾನೆ. ಅದಕ್ಕೆ 'ಗಟ್ಟಿಯಾಗಿ' ಎಂಬುದನ್ನು ಸೇರಿಸಿದರೆ ಮಗ್ಗಿಯನ್ನು ಕಂಠಪಾಠ ಮಾಡಿಸಿದಂತಾಗುತ್ತದೆ. ಒಬ್ಬರು ಓದಿ ಇನ್ನೊಬ್ಬರಿಗೆ ಕೇಳಿಸುವುದಕ್ಕೆ ನಮ್ಮವರು ಮೊದಲಿನಿಂದಲೂ ಬಳಸುವ ಮಾತು 'ಓದಿ ಹೇಳು' ಎಂಬುದು. ಕಾಗದ ಬಂದಾಗ ಅಕ್ಷರ ಬಾರದವರು ಅಕ್ಷರ ಬಂದವರನ್ನು ಕೇಳಿಕೊಳ್ಳುವುದು ಹಾಗೆಯೇ.

ಎರಡನೆಯ ವಾಕ್ಯವು 'ಅಜ್ಜಿ ಓದಲಿ, ಮಗು ಕಲಿಯಲಿ' ಎಂಬುದು. ಇದು ಕಿವಿಗೆ ಇಂಪಾಗಿದೆ; ಆದರೆ ಎಲ್ಲ ಅಜ್ಜಿಯರಿಗೂ ಓದು ಬರುತ್ತದೆಂದು ಭಾವಿಸಿಕೊಂಡಿದೆ. 2011ರ ಜನಗಣತಿಯಂತೆ ಕರ್ನಾಟಕದ ಸ್ತ್ರೀಯರಲ್ಲಿ, 7 ವರ್ಷ ತುಂಬಿದವರನ್ನೆಲ್ಲ ಸೇರಿಸಿದರೂ, ಅಕ್ಷರಸ್ಥರು ನೂರಕ್ಕೆ 68 ಮಂದಿ ಮಾತ್ರ. ವಯಸ್ಸಾದವರಲ್ಲಿ ಆ ಸಂಖ್ಯೆಯು ಇನ್ನೂ ಕಡಿಮೆಯೆಂಬುದು ಹಳ್ಳಿಯ ಮನೆಗಳನ್ನು ಬಲ್ಲವರಿಗೆಲ್ಲ ತಿಳಿದದ್ದೇ. ಅಂತಹ ಮನೆಯಲ್ಲಿ ಈ ವಾಕ್ಯವಿರುವ ಪುಸ್ತಕವನ್ನು ಮಗುವು ತಂದು ಮುಂದೆ ಹಿಡಿದರೆ, ಅಜ್ಜಿಯು 'ನನಗೇನು ಗೊತ್ತು, ನಿಮ್ಮಮ್ಮನ್ನ ಕೇಳು' ಎಂದು ಅತ್ತ ತಿರುಗಬೇಕಾಗುತ್ತದೆ. ಅವಳನ್ನು ಗೌರವಿಸಲೆಂದು ಬರೆದ ಮಾತು ಅವಳನ್ನೇ ನಾಚಿಸುತ್ತದೆ.

ಗಮಕದ ಸಭೆಗೆ ಹೋದವರು ಇದಕ್ಕೆ ಪರಿಹಾರವನ್ನು ತಾವಾಗಿಯೇ ಕಂಡಾರು. ಅಲ್ಲಿ ಗಮಕಿಯು ಕುಮಾರವ್ಯಾಸನ ಪದ್ಯವನ್ನು ವಾಚಿಸುತ್ತಾನೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸಿ ಹೇಳುತ್ತಾನೆ. ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು. ಮನೆಯಲ್ಲಿಯೂ ಮಗುವು ವಾಚಿಸಿ ಅಜ್ಜಿಯು ವ್ಯಾಖ್ಯಾನಿಸಿದರೆ ತಡೆಯೇನು?

ನಮ್ಮ ಕಾರ್ಯಾಲಯದಲ್ಲಿ ಕರಡು ತಿದ್ದುವ ಮಿತ್ರರ ಮನೆಯಲ್ಲಿ ಇದನ್ನು ಪರೀಕ್ಷಿಸಿ ನೋಡಿದೆವು. ಅವರ ತಾಯಿಗೆ ಎಪ್ಪತ್ತೆರಡು ವರ್ಷ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೊಮ್ಮಗನು ಎರಡನೆಯ ತರಗತಿಯವನು. ಹುಡುಗನು ಒಕ್ಕಲಿಗನೊಬ್ಬನ ಕಥೆಯನ್ನು ಓದುತ್ತ 'ಕಣಜ' ಎಂಬ ಪದವನ್ನು ತಪ್ಪಿಲ್ಲದೆ ಉಚ್ಚರಿಸಿ ಮುಂದೆ ಹೋದನು. ಅಜ್ಜಿಯು ತಡೆದು, 'ಕಣಜ ಅಂದ್ರೇನೋ?' ಎಂದು ಕೇಳಿದರು. ಅವನಿಗೆ ತಿಳಿಯದು. ಬಿದಿರಿನಿಂದ ಹೆಣೆದು, ಸಗಣಿಯಿಂದ ಸಾರಿಸಿ, ಕಾಳು ತುಂಬುತ್ತಿದ್ದ ಕಣಜವನ್ನೂ, ನೆಲದಡಿಯಲ್ಲಿ ರಾಗಿಯನ್ನು ತುಂಬಿಡುತ್ತಿದ್ದ ಹಗೇವನ್ನೂ ಆಕೆಯು ಕೈಸನ್ನೆಯಿಂದ ವಿವರಿಸಿದರು. ಒಂದು ಪುಟಕ್ಕೆ ಹತ್ತು ನಿಮಿಷಗಳಾದವು. ಪುಟ ಮುಗಿದಾಗ ಹುಡುಗನು ಏಳಲು ನೋಡಿದನು; 'ಇನ್ನೊಂದು ಪುಟ, ಮಗಾ' ಎಂದವರು ಅಜ್ಜಿಯೇ!

ಹೀಗೆ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದರ ಫಲವನ್ನು ವಿದ್ವಾಂಸರೂ ಅಳೆದಿದ್ದಾರೆ. ಅಮೆರಿಕದ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು-ಮೂರು ವರ್ಷದ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುವಾಗ ಪ್ರಶ್ನೆ ಕೇಳುವ ಕ್ರಮವನ್ನು ಕೆಲವು ತಂದೆತಾಯಿಗಳಿಗೆ ಕಲಿಸಿದರು. ಒಂದು ತಿಂಗಳಿನಲ್ಲಿ ಆ ಮಕ್ಕಳು, ಸುಮ್ಮನೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದಾದರು. ಅಲ್ಲಿದ್ದವರು ತಂದೆತಾಯಿಗಳೇ ಹೊರತು ಅಜ್ಜಿಯರಲ್ಲವೆಂಬುದನ್ನು ಮರೆಯಲಾಗದು. ಆದರೆ ಪ್ರಶ್ನೆ ಕೇಳಲು ಅಕ್ಷರ ಬೇಕಾಗಿಲ್ಲವಷ್ಟೆ.

ಪ್ರಕಾಶಕರ ಮೂರನೆಯ ವಾಕ್ಯವಾದ 'ಅಜ್ಜಿಯ ಮಡಿಲು, ಜ್ಞಾನದ ಕಡಲು' ಎಂಬುದರಲ್ಲಿ ಪ್ರಾಸವಿದೆ, ಪುಸ್ತಕವಿಲ್ಲ. ಅದನ್ನು ತೊಟ್ಟಿಲು ಮಾರುವವರೂ ಬಳಸಬಹುದು. ಆದುದರಿಂದ ನಾವು ಆ ಅಜ್ಜಿಯ ಮಾತನ್ನೇ ತಿರುಗಿಸಿ, 'ಅಜ್ಜೀ, ಇನ್ನೊಂದು ಪುಟ!' ಎಂದು ಬರೆದುಕೊಟ್ಟೆವು. ಇದರಲ್ಲಿ 'ಓದು' ಎಂಬ ಗದರಿಕೆಯಿಲ್ಲ. 'ಪುಟ' ಎಂದಿರುವುದರಿಂದ ಪುಸ್ತಕವು ಕಾಣುತ್ತದೆ. ಅಜ್ಜಿಯೇ ಓದುತ್ತಿದ್ದರೆ ಇದು ಕೇಳುವ ಮಗುವಿನ ಹಟ. ಮಗುವೇ ಓದುತ್ತಿದ್ದರೆ ಮುಂದುವರಿಸಲು ಅಪ್ಪಣೆ ಬೇಡುವ ಮಾತು. ಅಕ್ಷರ ಬಂದವಳನ್ನೂ ಬಾರದವಳನ್ನೂ ಇದು ಸಮನಾಗಿ ಕರೆಯುತ್ತದೆ.

ಅಜ್ಜನು ಬಿಟ್ಟುಹೋದನಲ್ಲ ಎಂದು ಪ್ರಕಾಶಕರು ಆಕ್ಷೇಪಿಸಿದರು. ಆಕ್ಷೇಪವು ನ್ಯಾಯವಾದದ್ದೇ. ಆದರೆ 'ಅಜ್ಜ-ಅಜ್ಜಿಯರೇ' ಎಂದು ಯಾವ ಮಗುವೂ ಕರೆಯುವುದಿಲ್ಲ. ಮೇಲಾಗಿ ಮೈಸೂರು ಸೀಮೆಯಲ್ಲಿ ತಾತನೆನಿಸುವವನು ಧಾರವಾಡ, ಮಂಗಳೂರುಗಳ ಕಡೆ ಅಜ್ಜನು. ವಿಜಯಪುರ, ಕಲಬುರಗಿಗಳ ಕಡೆ ಮುತ್ಯಾ. 'ಇನ್ನೊಂದು ಪುಟ' ಎಂಬುದನ್ನು ಸ್ಥಿರವಾಗಿಟ್ಟು, ಕರೆಯುವ ಹೆಸರನ್ನು ಪುಸ್ತಕದಿಂದ ಪುಸ್ತಕಕ್ಕೆ ಬದಲಿಸಬೇಕೆಂದು ನಾವು ಸೂಚಿಸಿದೆವು. ಒಂದರ ಮೇಲೆ ಅಜ್ಜಿ, ಇನ್ನೊಂದರ ಮೇಲೆ ತಾತ, ಮತ್ತೊಂದರ ಮೇಲೆ ಮುತ್ಯಾ ಬರಲಿ.

ಕೊನೆಗೊಂದು ಎಚ್ಚರಿಕೆ. ಧ್ಯೇಯವಾಕ್ಯವೆಂದರೆ ಕೊಟ್ಟ ಮಾತು. ಹೊದಿಕೆಯ ಮೇಲೆ ಅಜ್ಜಿಯನ್ನು ಕರೆದು, ಒಳಗೆ ಆಕೆಯ ಕಣ್ಣಿಗೆ ನಿಲುಕದ ಅಚ್ಚನ್ನು ಬಡಿಸಿದರೆ ಅದು ವಂಚನೆ. ಅವರು ತಂದ ಪುಸ್ತಕದಲ್ಲಿ ಅಕ್ಷರಗಳು ಸಣ್ಣವಾಗಿದ್ದವು, ಅವೂ ನೀಲಿಯ ಚಿತ್ರದ ಮೇಲೆ. ಅಚ್ಚು ಸಣ್ಣದಾದರೆ ಕನ್ನಡದಲ್ಲಿ ಮೊದಲು ಕೆಡುವುದು ಒತ್ತಕ್ಷರ. ಅನಂತರ ಮಹಾಪ್ರಾಣದ ಹೊಟ್ಟೆಸೀಳು, ದಕಾರ ಯಾವುದು ಧಕಾರ ಯಾವುದು ತಿಳಿಯದು. 18 ಪಾಯಿಂಟಿಗೆ ಕಡಿಮೆಯಿಲ್ಲದ ಕಪ್ಪು ಅಕ್ಷರವು ಬಿಳಿಯ ಜಾಗದ ಮೇಲಿರಬೇಕು. ಪರೀಕ್ಷೆಯು ಸುಲಭ: ಅರವತ್ತು ದಾಟಿದವರೊಬ್ಬರನ್ನು ಸಂಜೆ ಮನೆಯ ದೀಪದಲ್ಲಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಲು ಕೇಳಿರಿ. ಅವರು ಪುಸ್ತಕವನ್ನು ದೂರಕ್ಕೆ ಸರಿಸಿದರೆ, ಬೆಳಕಿಗೆ ವಾಲಿಸಿದರೆ, ಆ ಪುಟವನ್ನು ಮತ್ತೆ ಜೋಡಿಸಬೇಕು.

ಪ್ರಕಾಶಕರು ವಾಕ್ಯವನ್ನು ಒಪ್ಪಿಕೊಂಡರು. ಅಚ್ಚಿನ ವಿಷಯದಲ್ಲಿ ಪುಟಗಳು ಹೆಚ್ಚಿ ಕಾಗದದ ವೆಚ್ಚವು ಏರುವುದೆಂದು ಅನುಮಾನಿಸುತ್ತಿದ್ದಾರೆ. ಪುಟಗಳನ್ನು ಹೆಚ್ಚಿಸದೆ ಪ್ರತಿಯೊಂದು ಕಥೆಯಲ್ಲಿ ನಾಲ್ಕು ವಾಕ್ಯಗಳನ್ನು ಕಡಿಮೆ ಮಾಡಿದರೂ ಆದೀತು. ಆ ನಾಲ್ಕನ್ನು ಅಜ್ಜಿಯೇ ತುಂಬಿಕೊಡುವಳು. ಅದೂ ಆಗದೆಂದರೆ, ಆ ವಾಕ್ಯವನ್ನು ಮುದ್ರಿಸದಿರುವುದೇ ಲೇಸು.