‘ಒಪ್ಪುತ್ತೇನೆ’ ಎನ್ನಲು ಬೆರಳಿಗೆ ಜಾಗ ಬೇಕು

ಕಳೆದ ದಸರೆಯಲ್ಲಿ ಸಾಗರದ ಅತ್ತೆ ಮನೆಗೆ ಹೋಗಿದ್ದೆ. ಅತ್ತೆಗೆ ಈಗ 68. ತ್ರಿವೇಣಿಯವರ ಕಾದಂಬರಿಗಳನ್ನು ಓದುತ್ತ ಬೆಳೆದವರು. ಅಚ್ಚಿನ ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲವಾದ್ದರಿಂದ ಫೋನಿನಲ್ಲಿ ಓದುವ ಆಸೆ. ಕನ್ನಡ ಪುಸ್ತಕಗಳ ಒಂದು ಆ್ಯಪ್ ಹಾಕಿಕೊಟ್ಟೆ. ಅದರ ಕನ್ನಡ ಸಾಲುಗಳನ್ನೆಲ್ಲ ಬರೆದವನು ನಾನೇ ಎಂಬ ಜಂಬವೂ ಇತ್ತು.

ಮೊದಲ ಪರದೆ ತೆರೆಯಿತು. ಮೇಲೆ ಅರ್ಧಕ್ಕೂ ಹೆಚ್ಚು ಜಾಗದಲ್ಲಿ ಪುಸ್ತಕ ಹಿಡಿದ ಹುಡುಗಿಯ ಚಿತ್ರ, ಕೆಳಗೆ ಬೂದು ಬಣ್ಣದ ಎರಡು ಸಾಲು, ಅದರಡಿ ಒಂದು ಪುಟ್ಟ ಚೌಕ, ಪಕ್ಕದಲ್ಲಿ ‘ನಿಯಮಗಳನ್ನು ಒಪ್ಪುತ್ತೇನೆ’. ಅತ್ತೆ ಚೌಕವನ್ನು ಒತ್ತಿದರು. ನಿಯಮಗಳ ಉದ್ದನೆಯ ಪುಟ ತೆರೆದುಕೊಂಡಿತು. ವಾಪಸ್ ಬಂದು ಮತ್ತೆ ಒತ್ತಿದರು. ಮತ್ತೆ ಅದೇ ಪುಟ. ನಾಲ್ಕನೇ ಸಲ ಫೋನನ್ನು ನನ್ನ ಕೈಗಿಟ್ಟು, “ಇದು ನನ್ನಂಥವರಿಗಲ್ಲ ಮಾರಾಯ, ಬಿಡು” ಎಂದರು. ‘ನಿಯಮಗಳನ್ನು’ ಎಂಬ ಪದವೇ ಕೊಂಡಿ. ಅದು ಚೌಕಕ್ಕೆ ಅಂಟಿಕೊಂಡಂತಿತ್ತು. ಬೆರಳು ಚೌಕದ ಮೇಲೇ ಇದೆ ಎಂದು ಅವರಿಗೆ ಅನಿಸಿದರೂ ಫೋನು ಅದನ್ನು ಕೊಂಡಿಯ ಮೇಲೆ ಎಂದು ಓದುತ್ತಿತ್ತು.

ಅತ್ತೆ ತಮ್ಮನ್ನೇ ದೂರಿಕೊಂಡರು. ನನಗೆ ಸಿಟ್ಟು ಬಂದದ್ದು ಅದಕ್ಕೆ. ತಪ್ಪು ಅಳೆದು ತೋರಿಸಬಹುದಾದದ್ದು, ಅದು ಅವರ ವಯಸ್ಸಿನದಲ್ಲ.

ಆಂಡ್ರಾಯ್ಡ್‌ನಲ್ಲಿ ಪರದೆಯ ಅಳತೆಗೆ `dp` ಎಂಬ ಮಾನವಿದೆ. ಲೆಕ್ಕದ ಪ್ರಕಾರ ಒಂದು ಇಂಚಿಗೆ 160. ಆ ಚೌಕ 20 `dp`, ಎಂದರೆ ಇಂಚಿನ ಎಂಟನೇ ಒಂದು ಭಾಗ, ಮೂರು ಮಿಲಿಮೀಟರಿಗಿಂತ ಚೂರು ಹೆಚ್ಚು. ಸಾಸಿವೆ ಕಾಳಿಗೆ ಗುರಿಯಿಟ್ಟಂತೆ. ಬೆರಳ ತುದಿ ತಾನು ಒತ್ತಬೇಕಾದದ್ದನ್ನು ಪೂರ್ತಿ ಮುಚ್ಚಿಬಿಡುತ್ತದೆ, ಹಾಗಾಗಿ ಕಡೇ ಗಳಿಗೆಯಲ್ಲಿ ಎಲ್ಲರೂ ಅಂದಾಜಿನಲ್ಲೇ ಒತ್ತುವುದು. ಇದನ್ನು ಬಲ್ಲ ಗೂಗಲ್ ಒತ್ತುವ ಜಾಗ ಕನಿಷ್ಠ 48 `dp` ಇರಲಿ ಎನ್ನುತ್ತದೆ. ಆ್ಯಪಲ್‌ನ ಸಲಹೆ ಅದರದೇ ಮಾನದಲ್ಲಿ 44. ಚೌಕದ ಚಿತ್ರ ದೊಡ್ಡದಾಗಬೇಕೆಂದೇನೂ ಇಲ್ಲ. ಅದು 20ರಲ್ಲೇ ಇದ್ದು ಸುತ್ತಲಿನ ಖಾಲಿ ಜಾಗವೂ ಒತ್ತಿಗೆ ಓಗೊಟ್ಟರೆ ಸಾಕು. ‘ದೊಡ್ಡದು ಮಾಡಿದರೆ ಅಂದಗೆಡುತ್ತದೆ’ ಎಂಬ ವಿನ್ಯಾಸಕರ ಗೊಣಗಾಟಕ್ಕೆ ಅಲ್ಲಿಗೆ ಬುಡವೇ ಇಲ್ಲ.

ಇನ್ನು ಓದಿನ ಮಾತು. ಅತ್ತೆ ಫೋನಿನ ಅಕ್ಷರ ಗಾತ್ರವನ್ನು ಮೊದಲೇ ಹಿಗ್ಗಿಸಿಕೊಂಡಿದ್ದರು. ಅಕ್ಷರವೇನೋ ಬೆಳೆದಿತ್ತು, ಅದನ್ನಿಟ್ಟ ಪೆಟ್ಟಿಗೆ ಬೆಳೆದಿರಲಿಲ್ಲ. ಇಂಗ್ಲಿಷ್ ಸಾಲಿಗೆಂದು ಎತ್ತರವನ್ನು ಬಿಗಿಮಾಡಿಟ್ಟಿದ್ದ ಪೆಟ್ಟಿಗೆ ಅದು. ಇಂಗ್ಲಿಷಿನಲ್ಲಿ ಗೆರೆಯಿಂದ ಕೆಳಗಿಳಿಯುವುದು ಕೆಲವೇ ಅಕ್ಷರಗಳ ಬಾಲ. ನಮ್ಮಲ್ಲಿ ಇಡೀ ಒತ್ತಕ್ಷರವೇ ಕೆಳಗೆ ಕೂರುತ್ತದೆ. ಪೆಟ್ಟಿಗೆಯ ಅಂಚು ಅದನ್ನು ಕತ್ತರಿಸಿದಾಗ ‘ಒಪ್ಪುತ್ತೇನೆ’ ಎಂಬುದು ‘ಒಪುತೇನೆ’ ಆಗಿತ್ತು. ಕಾನೂನಿನ ತೂಕವುಳ್ಳ ಪದ, ಒತ್ತಿಲ್ಲದೆ ನಿಂತಿತ್ತು.

ಬಣ್ಣದ್ದೂ ಇದೇ ಕಥೆ. ಬಿಳಿಯ ಮೇಲೆ `#999999` ಬೂದು. ಓದಲಾಗುವ ಬರಹಕ್ಕೆ ಹಿನ್ನೆಲೆಯೊಡನೆ ಕನಿಷ್ಠ 4.5:1 ವ್ಯತ್ಯಾಸವಿರಬೇಕೆಂದು ಜಾಲತಾಣಗಳ ಸುಲಭಬಳಕೆಯ ಜಾಗತಿಕ ಮಾನದಂಡ ಹೇಳುತ್ತದೆ. ಈ ಬೂದಿನದು 3:1ನ್ನೂ ಮುಟ್ಟುವುದಿಲ್ಲ. ಅದರ ಮೇಲೆ 12ರ ಗಾತ್ರ, ತೆಳು ಅಚ್ಚು. ‘ದ’ ಮತ್ತು ‘ಧ’ ನಡುವೆ ಇರುವುದು ಹೊಟ್ಟೆಯಡಿಯ ಒಂದು ಸೀಳು, ‘ರ’ ಮತ್ತು ‘ಠ’ ನಡುವೆ ಒಂದು ಚುಕ್ಕೆ. ಮಸುಕು ಬೂದಿನಲ್ಲಿ ಮೊದಲು ಕರಗುವುದು ಅವೇ. ಪುಸ್ತಕದ ಪುಟದಲ್ಲಿ ಒಂದು ಮಹಾಪ್ರಾಣ ತಪ್ಪಿದರೆ ಸಂಪಾದಕರಿಗೆ ಪತ್ರ ಬರೆಯುವ ನಾವು ಇಲ್ಲಿ ಸಾಲುಸಾಲೇ ಅಳಿಸಿಹೋದರೂ ಸುಮ್ಮನಿದ್ದೇವೆ.

ಬೆಂಗಳೂರಿಗೆ ಮರಳಿದವನೇ ಪರದೆಯನ್ನು ಮತ್ತೆ ಬರೆಯಲು ಕೂತೆ. ಸಾಮಾನ್ಯ ಫೋನೊಂದರ ಅಗಲ 360 `dp` ಎಂದಿಟ್ಟುಕೊಳ್ಳಿ. ಎರಡೂ ಬದಿ 24 ಬಿಟ್ಟರೆ ಉಳಿಯುವುದು 312. ಹಳೆಯ ಪರದೆಯಲ್ಲಿ ಎರಡು ಗುಂಡಿಗಳು ಅಕ್ಕಪಕ್ಕ ಇದ್ದವು. ನಡುವೆ 8 ಬಿಟ್ಟರೆ ಒಂದೊಂದಕ್ಕೆ 152. ಗುಂಡಿಯ ಒಳಗೂ ಆಚೀಚೆ 24 ಬಿಟ್ಟರೆ ಬರಹಕ್ಕೆ ಸಿಗುವುದು 104. `Skip` ಅದರಲ್ಲಿ ಆರಾಮಾಗಿ ಕೂರುತ್ತದೆ. ‘ಖಾತೆ ಇಲ್ಲದೆ ಓದಿ’ ಎಂಬುದು ಅಕ್ಷರ ಹಿಗ್ಗಿಸಿದ ಕೂಡಲೇ ಒದ್ದಾಡುತ್ತದೆ. ಆಗ ತಂಡದವರು ಮಾಡಿದ್ದು ಕನ್ನಡವನ್ನು ಕುಗ್ಗಿಸುವುದು. “ನಿಮ್ಮ ಪದಗಳು ಉದ್ದ ಸರ್, ಸ್ವಲ್ಪ ಚಿಕ್ಕದು ಮಾಡಿ ಕೊಡಿ” ಎಂದು ನನಗೂ ಹೇಳಿದ್ದರು. ನಾನು ಮಾಡಿಕೊಟ್ಟಿದ್ದೆ! ಆ ತಪ್ಪು ನನ್ನದು.

ಹೊಸ ಪರದೆಯಲ್ಲಿ ಗುಂಡಿಗಳು ಒಂದರ ಕೆಳಗೊಂದು, ಪೂರ್ತಿ 312ರ ಅಗಲಕ್ಕೆ. ಬರಹ 18, ಸಾಲಿನ ಎತ್ತರ 28. ಒತ್ತು ಮತ್ತು ಕೆಳಸಾಲಿನ ತಲೆಕಟ್ಟು ಒಂದಕ್ಕೊಂದು ತಾಗದಿರಲು ಅಷ್ಟು ಬೇಕು. ಎರಡನ್ನೂ `dp`ಯಲ್ಲಲ್ಲ, `sp`ಯಲ್ಲಿ ಬರೆಯಬೇಕು. ಓದುವವರು ಫೋನಿನಲ್ಲಿ ಆರಿಸಿದ ಗಾತ್ರಕ್ಕೆ ಹಿಗ್ಗುವುದು `sp` ಮಾತ್ರ. ಒಪ್ಪಿಗೆಯ ಇಡೀ ಸಾಲನ್ನೇ 56 ಎತ್ತರದ ಒಂದು ಗುಂಡಿ ಮಾಡಿದೆ; ಚೌಕ ಒತ್ತಿದರೂ ಪದ ಒತ್ತಿದರೂ ಗುರುತು ಬೀಳುತ್ತದೆ. ‘ನಿಯಮಗಳನ್ನು ಓದಿ’ ಎಂಬ ಕೊಂಡಿ ಅಲ್ಲಿಂದ ಇಳಿದು, 8 ಅಂತರ ಬಿಟ್ಟು, ತನ್ನದೇ 48ರ ಸಾಲಿಗೆ ಹೋಯಿತು. ಗುಂಡಿಯ ಎತ್ತರದ ಜಗಳವಂತೂ ಎರಡೇ ಸಾಲಿನದು:

```
android:layout_height="wrap_content"
android:minHeight="52dp"
```

ಎತ್ತರ ಇಷ್ಟೇ ಎಂದು ಕಟ್ಟಿಹಾಕುವ ಬದಲು ಇಷ್ಟಕ್ಕಿಂತ ಕಡಿಮೆ ಬೇಡ ಎನ್ನುವುದು. ಬರಹ ಬೆಳೆದರೆ ಗುಂಡಿಯೂ ಬೆಳೆಯುತ್ತದೆ.

ಇಷ್ಟಕ್ಕೆಲ್ಲ ಜಾಗ ಎಲ್ಲಿಂದ ಎಂದು ಕೇಳಿದರು. ಹುಡುಗಿಯ ಚಿತ್ರವನ್ನು ಮೂರನೇ ಒಂದಕ್ಕೆ ಇಳಿಸಿದೆ, ಪರದೆಯನ್ನು ಮೇಲೆ ಕೆಳಗೆ ಸರಿಸಲು ಬಿಟ್ಟೆ. ಗುಂಡಿಗಳು ಒತ್ತೊತ್ತಾಗಿ ತುಂಬಿರುವ ಪರದೆಗಳಲ್ಲಿ, ಬರಹ ತಿದ್ದುವ ಪಟ್ಟಿಯಂಥದರಲ್ಲಿ, ಎಲ್ಲಕ್ಕೂ 48 ಕೊಡುವುದು ಕಷ್ಟವೆಂದು ಒಪ್ಪುತ್ತೇನೆ. ಸ್ವಾಗತದ ಪರದೆಯಲ್ಲಿ ಇರುವುದು ನಾಲ್ಕು ವಸ್ತು. ಅಲ್ಲಿ ಜಾಗವಿಲ್ಲ ಎನ್ನುವುದು ನೆಪ.

ನನ್ನ ಜಗಳ ವಿನ್ಯಾಸಕರ ಜೊತೆಗಷ್ಟೇ ಅಲ್ಲ, ನಮ್ಮವರ ಜೊತೆಗೂ. ‘ಆ್ಯಪ್‌ನಲ್ಲಿ ಕನ್ನಡ ಬೇಕು’ ಎಂದು ಒತ್ತಾಯಿಸುತ್ತೇವೆ, ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಕಂಡೊಡನೆ ಗೆದ್ದೆವೆಂದು ಮನೆಗೆ ಹೋಗುತ್ತೇವೆ. ಒಳಗೆ ಹೋದವರು ಮುರಿದ ಒತ್ತುಗಳನ್ನು ಕಂಡು ಇಂಗ್ಲಿಷಿಗೆ ಮರಳುತ್ತಾರೆ. ಆಮೇಲೆ ಸಭೆಯಲ್ಲಿ, “ಕನ್ನಡ ಆರಿಸುವವರೇ ಇಲ್ಲ ಸರ್” ಎಂಬ ಮಾತು ಬರುತ್ತದೆ. ಈ ಮಾತನ್ನು ನಾನು ಎದುರಿಗೇ ಕೇಳಿಸಿಕೊಂಡಿದ್ದೇನೆ. ಉತ್ತರ ಕೊಡಲು ನನ್ನ ಬಳಿ ಆಗ ಅಳತೆಗಳಿರಲಿಲ್ಲ.

ನೀವೂ ಅಳೆಯಬಹುದು. ಫೋನಿನ ಅಕ್ಷರ ಗಾತ್ರವನ್ನು ಅತಿ ದೊಡ್ಡದಕ್ಕೆ ಇಟ್ಟು, ಭಾಷೆ ಕನ್ನಡ ಮಾಡಿ, ಆ್ಯಪನ್ನು ಹೊಸದಾಗಿ ಹಾಕಿಕೊಂಡು ಮೊದಲ ಪರದೆಯ ಒತ್ತಕ್ಷರಗಳನ್ನು ಎಣಿಸಿ. ಗೂಗಲ್‌ನ `Accessibility Scanner` ಎಂಬ ಉಚಿತ ಆ್ಯಪ್ ಚಿಕ್ಕ ಗುಂಡಿಗಳನ್ನೂ ಮಸುಕು ಬರಹವನ್ನೂ ಗೆರೆ ಹಾಕಿ ತೋರಿಸುತ್ತದೆ. ಆದರೆ ಕತ್ತರಿಸಿದ ಒತ್ತನ್ನು ಅದು ಹಿಡಿದುಕೊಡುತ್ತದೆಂದು ನಂಬಿ ಕೂರಬೇಡಿ, ಅದಕ್ಕೆ ಕನ್ನಡ ಓದುವ ಕಣ್ಣೇ ಬೇಕು. ಕಂಡದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸಿ. ‘ಕನ್ನಡಕ್ಕೆ ಅನ್ಯಾಯ’ ಎಂಬ ಪತ್ರಕ್ಕೆ ಬರುವುದು ಸಿದ್ಧ ಉತ್ತರ. ‘ಈ ಪೆಟ್ಟಿಗೆಯ ಎತ್ತರ ಬಿಗಿಯಾಗಿದೆ, ಒತ್ತು ಕತ್ತರಿಸುತ್ತಿದೆ’ ಎಂದರೆ ಯಾರಾದರೊಬ್ಬರು ಆ ಪರದೆಯನ್ನು ತೆರೆದು ನೋಡಲೇಬೇಕಾಗುತ್ತದೆ.

ನಮ್ಮ ತಂಡದ ಹೊಸ ಪರದೆ ಈ ವಾರ ಪರೀಕ್ಷೆಗೆ ಬಂತು. ಚೌಕ ಸರಿಯಾಗಿದೆ, ಕೊಂಡಿ ದೂರ ಹೋಗಿದೆ. ಬರಹ ಮಾತ್ರ 14ರಲ್ಲೇ ಇದೆ, ‘ಸದ್ಯಕ್ಕೆ’ ಎಂಬ ಟಿಪ್ಪಣಿಯೊಡನೆ. ವಾಪಸ್ ಕಳಿಸಿದ್ದೇನೆ.